ಒಂದೇ ಕೈಯಲ್ಲಿ ನಾಲ್ಕು ಕೆಲಸ

ಸಣ್ಣ ಕಛೇರಿಗಳಲ್ಲಿ ಹಣ ದುರುಪಯೋಗವಾದಾಗಲೆಲ್ಲ ಕೇಳಿಬರುವ ಮಾತು ಒಂದೇ: “ಇಷ್ಟು ವರ್ಷ ನಂಬಿದ್ದೆವು, ಹೀಗೆ ಮಾಡುವರೆಂದು ಯಾರು ಕಂಡಿದ್ದರು?” ಈ ಮಾತಿನಲ್ಲಿ ದುಃಖವಿದೆ, ವಿಚಾರವಿಲ್ಲ. ನಂಬಿಕೆಯಿಲ್ಲದವರ ಕೈಗೆ ಹಣದ ಪೆಟ್ಟಿಗೆಯನ್ನು ಯಾರೂ ಕೊಡುವುದಿಲ್ಲವಷ್ಟೆ. ಆದ್ದರಿಂದ ಮೋಸ ನಡೆದರೆ ಅದು ನಂಬಿದವರಿಂದಲೇ ನಡೆಯಬೇಕು. ನಾವು ಕೇಳಬೇಕಾದ ಪ್ರಶ್ನೆ ಬೇರೆಯದು: ಆ ಒಬ್ಬರ ಕೈಯಲ್ಲಿ ಎಷ್ಟು ಕೆಲಸಗಳಿದ್ದವು?

ಹಣಕ್ಕೆ ಸಂಬಂಧಿಸಿದ ಯಾವ ವ್ಯವಹಾರದಲ್ಲಿಯೂ ನಾಲ್ಕು ಕೆಲಸಗಳಿರುತ್ತವೆ. ವೆಚ್ಚಕ್ಕೆ ಒಪ್ಪಿಗೆ ಕೊಡುವುದು ಒಂದು. ಹಣವನ್ನಾಗಲಿ ಚೆಕ್ಕು ಪುಸ್ತಕವನ್ನಾಗಲಿ ವಶದಲ್ಲಿಟ್ಟುಕೊಳ್ಳುವುದು ಎರಡನೆಯದು. ಲೆಕ್ಕ ಬರೆಯುವುದು ಮೂರನೆಯದು. ಬರೆದ ಲೆಕ್ಕವನ್ನು ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡುವುದು ನಾಲ್ಕನೆಯದು. ಕದಿಯುವುದು ಸುಲಭ, ಕದ್ದುದನ್ನು ಮುಚ್ಚಿಡುವುದು ಕಷ್ಟ. ಹಣ ಇಟ್ಟುಕೊಂಡವನು ಲೆಕ್ಕ ಬರೆಯದಿದ್ದರೆ, ಅವನು ಕದ್ದ ದಿನವೇ ಪುಸ್ತಕಕ್ಕೂ ಪೆಟ್ಟಿಗೆಗೂ ವ್ಯತ್ಯಾಸ ಬೀಳುತ್ತದೆ. ಲೆಕ್ಕವೂ ಅವನದೇ ಆದರೆ ಆ ವ್ಯತ್ಯಾಸವನ್ನು ಲೇಖನಿಯಿಂದಲೇ ಅಳಿಸಬಹುದು. ತಾಳೆ ನೋಡುವವನೂ ಅವನೇ ಆದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಇದಕ್ಕೆ ಅಮೆರಿಕೆಯ ಇಲಿನಾಯ್ ಸಂಸ್ಥಾನದ ಡಿಕ್ಸನ್ ಎಂಬ ಊರಿನ ಕಥೆಗಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಆಗ ಸುಮಾರು 16,000 ಜನರಿದ್ದ ಆ ಪಟ್ಟಣದ ಪೌರಸಭೆಯಲ್ಲಿ ರೀಟಾ ಕ್ರಂಡ್‌ವೆಲ್ ಎಂಬಾಕೆ 1983ರಿಂದ ಹಣಕಾಸಿನ ಅಧಿಕಾರಿಯಾಗಿದ್ದಳು. ಕೆಲಸಗಾರಳೆಂದು ಹೆಸರು ಪಡೆದವಳು. 1990ರ ಡಿಸೆಂಬರಿನಲ್ಲಿ ಆಕೆ ನಗರದ ಹೆಸರನ್ನೇ ಸೇರಿಸಿಕೊಂಡು ಬ್ಯಾಂಕಿನಲ್ಲಿ ಒಂದು ಗುಟ್ಟಿನ ಖಾತೆ ತೆರೆದಳು. ಅದಕ್ಕೆ ರುಜು ಮಾಡುವ ಅಧಿಕಾರ ಆಕೆಗೊಬ್ಬಳಿಗೇ ಇದ್ದಿತು.

ಅನಂತರದ ಕ್ರಮ ಸರಳವಾದುದು. ನಗರಕ್ಕೆ ಬಂದ ತೆರಿಗೆಯ ಹಣವನ್ನು ಆಕೆ ಅಭಿವೃದ್ಧಿ ನಿಧಿ ಎಂಬ ಒಂದು ಖಾತೆಗೆ ವರ್ಗಾಯಿಸುವಳು. ಆ ಖಾತೆಯಿಂದ “ಖಜಾಂಚಿ” ಎಂಬ ಹೆಸರಿಗೆ ಚೆಕ್ಕು ಬರೆದು ತನ್ನ ಗುಟ್ಟಿನ ಖಾತೆಗೆ ಜಮಾ ಮಾಡುವಳು. ಸಂಸ್ಥಾನ ಸರ್ಕಾರಕ್ಕೆ ಹಣ ಸಂದಾಯವಾದಂತೆ ತೋರಿಸಲು ಸುಳ್ಳು ಬಿಲ್ಲುಗಳನ್ನು ತಾನೇ ಸಿದ್ಧಪಡಿಸಿ ಕಡತದಲ್ಲಿ ಇಡುವಳು. ಹಣ ಸಾಲದೆಂದು ಸದಸ್ಯರು ಕೇಳಿದರೆ, ಸರ್ಕಾರದಿಂದ ಬರಬೇಕಾದ ಮೊಬಲಗು ತಡವಾಗಿದೆಯೆಂದು ಉತ್ತರ. ಬ್ಯಾಂಕಿನ ಕಾಗದಗಳು ಬೇರೆಯವರ ಕೈಗೆ ಬೀಳದಂತೆ ಟಪಾಲನ್ನು ತಾನೇ ತೆಗೆದುಕೊಳ್ಳುವಳು. ಊರಲ್ಲಿಲ್ಲದಾಗ ಆ ಕೆಲಸವನ್ನು ಬಂಧುವೊಬ್ಬರಿಗೆ ಒಪ್ಪಿಸುವಳು. ಹೀಗೆ 2012ರವರೆಗೆ ಹೋದ ಹಣ ಐದು ಕೋಟಿ ಮೂವತ್ತು ಲಕ್ಷ ಡಾಲರಿಗೂ ಹೆಚ್ಚು. ಊರಿನ ರಸ್ತೆಗಳ ರಿಪೇರಿಗೆ ಹಣವಿಲ್ಲದೆ ಹೋಯಿತು. ಆಕೆಯಾದರೋ ಜಾತಿಕುದುರೆಗಳನ್ನು ಸಾಕಿ ಪ್ರದರ್ಶನಗಳಲ್ಲಿ ಬಹುಮಾನ ಗೆಲ್ಲುತ್ತಿದ್ದಳು.

ಇದನ್ನು ಬಯಲಿಗೆಳೆದವರು ಲೆಕ್ಕ ತನಿಖೆಗಾರರಲ್ಲ. ಪ್ರತಿ ವರ್ಷವೂ ಆಡಿಟ್ ನಡೆದಿತ್ತೆಂಬುದನ್ನು ನಾವು ಮರೆಯಬಾರದು. 2011ರಲ್ಲಿ ಆಕೆ ಕುದುರೆ ಪ್ರದರ್ಶನಕ್ಕೆಂದು ದೀರ್ಘ ರಜೆ ಹೋದಾಗ ಆಕೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಕಛೇರಿಯ ಮತ್ತೊಬ್ಬ ಮಹಿಳೆ, ನಗರದ ಎಲ್ಲ ಖಾತೆಗಳ ವಿವರಗಳನ್ನೂ ಕಳುಹಿಸುವಂತೆ ಬ್ಯಾಂಕನ್ನು ಕೇಳಿದಳು. ಬಂದ ಕಾಗದಗಳಲ್ಲಿ ಯಾರೂ ಕಂಡು ಕೇಳಿರದ ಒಂದು ಖಾತೆ ಇದ್ದಿತು. ಆಕೆ ಅದನ್ನು ಮೇಯರರಿಗೆ ತೋರಿಸಿದಳು; ಅವರು ಎಫ್‌ಬಿಐ ತನಿಖೆಗೆ ಒಪ್ಪಿಸಿದರು. 2013ರ ಫೆಬ್ರವರಿಯಲ್ಲಿ ಕ್ರಂಡ್‌ವೆಲ್‌ಗೆ ಹತ್ತೊಂಬತ್ತು ವರ್ಷ ಏಳು ತಿಂಗಳ ಸೆರೆಮನೆ ವಾಸ ವಿಧಿಸಲಾಯಿತು. ಇಪ್ಪತ್ತು ವರ್ಷಕ್ಕೂ ಮೀರಿ ನಡೆದ ಮೋಸವು, ಇನ್ನೊಬ್ಬರ ಕಣ್ಣು ಒಂದೇ ಒಂದು ಸಲ ಬ್ಯಾಂಕಿನ ಲೆಕ್ಕದ ಮೇಲೆ ಬಿದ್ದೊಡನೆ ಮುಗಿದುಹೋಯಿತು.

“ದೊಡ್ಡ ಕಛೇರಿಗಳಿಗೆ ಇದೆಲ್ಲ ಸರಿ, ನಮ್ಮಲ್ಲಿರುವವರೇ ಮೂವರು” ಎಂದು ಹೇಳುವವರಿದ್ದಾರೆ. ಮೂವರಿದ್ದರೆ ಸಾಕೆಂಬುದೇ ನನ್ನ ವಾದ. ಒಂದು ಸಣ್ಣ ಸಹಕಾರಿ ಭಂಡಾರವನ್ನು ಭಾವಿಸಿಕೊಳ್ಳೋಣ. ಅಲ್ಲಿ ಒಬ್ಬ ಗುಮಾಸ್ತ, ಒಬ್ಬ ಖಜಾಂಚಿ, ಒಬ್ಬ ಕಾರ್ಯದರ್ಶಿ ಇದ್ದಾರೆ. ಖಜಾಂಚಿ ಹಣ ಪಡೆದು, ಕ್ರಮಸಂಖ್ಯೆ ಅಚ್ಚಾದ ಪುಸ್ತಕದಿಂದ ರಸೀತಿ ಕೊಟ್ಟು, ಅಂದಿನ ವಸೂಲಿಯನ್ನು ಪೂರ್ತಿಯಾಗಿ ಬ್ಯಾಂಕಿಗೆ ಕಟ್ಟಲಿ. ಗುಮಾಸ್ತ ರಸೀತಿಯ ನಕಲುಗಳನ್ನು ನೋಡಿ ನಗದು ಪುಸ್ತಕ ಬರೆಯಲಿ. ಅವನು ಹಣ ಮುಟ್ಟಕೂಡದು. ಕಾರ್ಯದರ್ಶಿ ವೆಚ್ಚಕ್ಕೆ ಒಪ್ಪಿಗೆ ಕೊಡಲಿ, ಮತ್ತು ಬ್ಯಾಂಕಿನ ತಃಖ್ತೆ ನೇರವಾಗಿ ಅವನಿಗೇ ಬರಲಿ. ಅವನು ತಿಂಗಳಿಗೊಮ್ಮೆ ಅರ್ಧ ಗಂಟೆ ಕುಳಿತು ತಾಳೆ ನೋಡಿದರೆ ಸಾಕು.

ಆ ತಾಳೆ ಹೇಗಿರಬೇಕೆಂಬುದನ್ನೂ ಹೇಳಬೇಕು. ತಿಂಗಳ ಕೊನೆಗೆ ನಗದು ಪುಸ್ತಕದ ಪ್ರಕಾರ ಬ್ಯಾಂಕಿನ ಶಿಲ್ಕು 48,000 ರೂಪಾಯಿ. ಬ್ಯಾಂಕು ತೋರಿಸುವುದು 41,000. ವ್ಯತ್ಯಾಸ 7,000. “31ನೆಯ ತಾರೀಖು ಕಟ್ಟಿದ ಹಣ, ಇನ್ನೂ ಜಮಾ ಆಗಿಲ್ಲ” ಎಂಬ ಉತ್ತರ ಬರುತ್ತದೆ. ಉತ್ತರ ನಿಜವಿರಬಹುದು. ಆದರೆ ಅಲ್ಲಿಗೇ ನಿಲ್ಲದೆ ಮುಂದಿನ ತಿಂಗಳ ತಃಖ್ತೆಯಲ್ಲಿ ಆ 7,000 ಯಾವ ದಿನ ಜಮಾ ಆಗಿದೆಯೆಂದು ನೋಡಬೇಕು. ಒಂದೆರಡು ದಿನಗಳಲ್ಲಿ ಆಗಿದ್ದರೆ ಸರಿ. 12ನೆಯ ತಾರೀಖು ಆಗಿದ್ದರೆ, ಅಷ್ಟು ದಿನ ಆ ಹಣ ಎಲ್ಲಿದ್ದಿತೆಂದು ಕೇಳಲೇಬೇಕು. ಮೊತ್ತ ಸರಿಹೋದುದಷ್ಟನ್ನೇ ನೋಡಿ ತಾರೀಖನ್ನು ನೋಡದಿರುವುದೇ ಬಹುಪಾಲು ತಾಳೆಗಳ ದೋಷ. ಇದರ ಜೊತೆಗೆ, ನಮ್ಮ ಪುಸ್ತಕದಲ್ಲಿರುವ ಖಾತೆಗಳ ತಃಖ್ತೆಯಷ್ಟೇ ಅಲ್ಲದೆ, ಸಂಸ್ಥೆಯ ಹೆಸರಿನಲ್ಲಿರುವ ಖಾತೆಗಳೆಲ್ಲದರ ಪಟ್ಟಿಯನ್ನು ವರ್ಷಕ್ಕೊಮ್ಮೆಯಾದರೂ ಬ್ಯಾಂಕಿನಿಂದಲೇ ತರಿಸಬೇಕು. ಇದು ಡಿಕ್ಸನ್ ಕಲಿಸಿದ ಪಾಠ.

ಈ ಏರ್ಪಾಡಿಗೆ ಮಿತಿಗಳಿವೆ. ಇಬ್ಬರು ಕೂಡಿಕೊಂಡರೆ ಗೋಡೆ ಬೀಳುತ್ತದೆ. ಆದ್ದರಿಂದಲೇ ಪ್ರತಿಯೊಬ್ಬರೂ ವರ್ಷಕ್ಕೊಂದು ಸಲ ಎರಡು ವಾರ ಕಡ್ಡಾಯವಾಗಿ ರಜೆ ಹೋಗಬೇಕು, ಅವರ ಕೆಲಸವನ್ನು ಆಗ ಬೇರೊಬ್ಬರು ಮಾಡಬೇಕು. ರಜೆಯನ್ನೇ ತೆಗೆದುಕೊಳ್ಳದ ನೌಕರನನ್ನು ನಾವು ಹೊಗಳುತ್ತೇವೆ. ಹೊಗಳುವ ಮುನ್ನ ಸ್ವಲ್ಪ ಯೋಚಿಸುವುದು ಮೇಲು. ಇನ್ನೊಂದು ಮಿತಿ ಮೇಲಿನವರ ಸೋಮಾರಿತನ. ಖಾಲಿ ಚೆಕ್ಕುಗಳಿಗೆ ಮೊದಲೇ ರುಜು ಹಾಕಿ ಕೊಟ್ಟು ಊರಿಗೆ ಹೋಗುವ ಕಾರ್ಯದರ್ಶಿ ಕಾಗದದ ಮೇಲೆ ಹಂಚಿದ ಕೆಲಸವನ್ನು ಮತ್ತೆ ಒಂದೇ ಕೈಗೆ ಸೇರಿಸುತ್ತಾನೆ. ಈಗ ಹಣ ಕಂಪ್ಯೂಟರಿನ ಮೂಲಕ ಹೋಗುತ್ತದೆ. ಒಬ್ಬರು ಸಿದ್ಧಪಡಿಸಿ ಮತ್ತೊಬ್ಬರು ಒಪ್ಪಿಗೆ ಕೊಡುವ ವ್ಯವಸ್ಥೆಯನ್ನು ಬ್ಯಾಂಕುಗಳು ಒದಗಿಸುತ್ತವೆ. ಆದರೆ ತನ್ನ ಪಾಸ್‌ವರ್ಡನ್ನೂ ಓಟಿಪಿಯನ್ನೂ ಗುಮಾಸ್ತನಿಗೆ ಹೇಳಿಬಿಡುವ ಅಧಿಕಾರಿಗೂ ಖಾಲಿ ಚೆಕ್ಕಿಗೆ ರುಜು ಹಾಕಿದವನಿಗೂ ಭೇದವೇನು?

ಕೆಲಸ ಹಂಚುವುದು ನೌಕರನಿಗೆ ಮಾಡಿದ ಅವಮಾನವೆಂದು ಕೆಲವರು ಭಾವಿಸುತ್ತಾರೆ. ವಾಸ್ತವವಾಗಿ ಅದು ಅವನಿಗೆ ರಕ್ಷಣೆ. ಹಣ ಕಡಿಮೆ ಬಿದ್ದ ದಿನ, ಎಲ್ಲವನ್ನೂ ಒಬ್ಬನೇ ಮಾಡುತ್ತಿದ್ದ ಪ್ರಾಮಾಣಿಕನಿಗೆ ತಾನು ನಿರ್ದೋಷಿಯೆಂದು ತೋರಿಸಲು ದಾರಿಯೇ ಇಲ್ಲ. ಅವನ ಪರವಾಗಿ ಸಾಕ್ಷಿ ಹೇಳುವ ಎರಡನೆಯ ಕೈಬರಹ ಎಲ್ಲಿಯೂ ಇರುವುದಿಲ್ಲ. ನಮ್ಮ ವಿದ್ಯಾರ್ಥಿ ಸಂಘದಲ್ಲಿಯೂ ಊಟದ ಮನೆಯಲ್ಲಿಯೂ ಚಂದಾ ಎತ್ತುವವರು ಒಬ್ಬರು, ಲೆಕ್ಕ ಬರೆಯುವವರು ಮತ್ತೊಬ್ಬರು, ಪಾಸ್ ಪುಸ್ತಕ ನೋಡುವವರು ಮೂರನೆಯವರು ಎಂದು ಈ ವರ್ಷವೇ ಗೊತ್ತುಮಾಡುವುದು ಯುಕ್ತ. ಇದಕ್ಕೆ ಹೊಸ ಹುದ್ದೆ ಬೇಕಿಲ್ಲ, ಹೊಸ ವೆಚ್ಚವೂ ಇಲ್ಲ.