ದುಡ್ಡಿನ ಮಾತು 4: ಐದು ದಿನ ಅಂದ್ರೆ ಐದೇ ದಿನ

ಅಕೌಂಟಿಂದ ದುಡ್ಡು ಕಟ್ ಆಗಿದೆ, ಟಿಕೆಟ್ ಮಾತ್ರ ಬುಕ್ ಆಗಿಲ್ಲ. ನಮ್ಮ ಕ್ಲಾಸಲ್ಲಿ ಯಾರಿಗೆ ಹೀಗಾದ್ರೂ ಪಕ್ಕದವರು ಹೇಳೋದು ಒಂದೇ: "ಬರುತ್ತೆ ಬಿಡೇ, ಎಲ್ಲಿ ಹೋಗುತ್ತೆ?" ಈ "ಬರುತ್ತೆ ಬಿಡು" ಮೇಲೇನೇ ನನಗೆ ಸಿಟ್ಟು. ಯಾವತ್ತಿನೊಳಗೆ ಬರಬೇಕು, ಬರದಿದ್ರೆ ದಿನಕ್ಕೆ ಎಷ್ಟು ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದೇ ಸುತ್ತೋಲೆ ಹೊರಡಿಸಿದೆ. ಅದು ಜಾರಿಗೆ ಬಂದಿದ್ದು ಅಕ್ಟೋಬರ್ 15ಕ್ಕೆ. ಓದಿದವರು ಎಷ್ಟು ಜನ, ಕೈ ಎತ್ತಿ ನೋಡೋಣ.

ಅದರಲ್ಲಿರೋದು ಇಷ್ಟು. ಅಂಗಡಿಗೋ ಆಪ್‌ಗೋ ಯುಪಿಐ ಮಾಡಿದ್ರಿ, ನಿಮ್ಮ ಅಕೌಂಟಲ್ಲಿ ಕಡಿತ ಆಯ್ತು, ಆದ್ರೆ ವ್ಯಾಪಾರಿಗೆ ಖಾತ್ರಿ ಸಂದೇಶ ಹೋಗಲಿಲ್ಲ ಅಂದ್ರೆ T+5 ದಿನದೊಳಗೆ ದುಡ್ಡು ತಾನಾಗೇ ವಾಪಸ್ ಬರಬೇಕು. ಫ್ರೆಂಡ್‌ಗೆ ಕಳಿಸಿದ್ದು ಅವರ ಅಕೌಂಟಿಗೆ ಸೇರದೇ ಇದ್ರೆ T+1. ತಡ ಆದ್ರೆ ದಿನಕ್ಕೆ ₹100 ಪರಿಹಾರ, ಅದೂ ನೀವು ದೂರು ಕೊಡೋವರೆಗೂ ಕಾಯದೆ. T ಅಂದ್ರೆ ಪೇಮೆಂಟ್ ಮಾಡಿದ ದಿನ, ಕ್ಯಾಲೆಂಡರ್ ತಾರೀಕು. ಭಾನುವಾರನೂ ದಿನಾನೇ!

ಈಗ ನನ್ನ ಬೆಂಚ್‌ಮೇಟ್ ಕಥೆ. ಊರಿಗೆ ಹೋಗೋಕೆ ಒಂದು ಆಪಲ್ಲಿ ₹780ರ ಬಸ್ ಟಿಕೆಟ್. 6ನೇ ತಾರೀಕು ಶುಕ್ರವಾರ ರಾತ್ರಿ ಪೇಮೆಂಟ್ ಮಾಡಿದ್ಲು, Failed ಅಂತ ಬಂತು, ಬ್ಯಾಂಕಿಂದ ಡೆಬಿಟ್ ಮೆಸೇಜೂ ಬಂತು. ಕಸ್ಟಮರ್ ಕೇರ್ ಉತ್ತರ: 5-7 working days. ಅವರ ಲೆಕ್ಕದಲ್ಲಿ ಶನಿವಾರ ಭಾನುವಾರ ಇಲ್ಲ, ಸೋಮವಾರದಿಂದ ಎಣಿಸಿದ್ರೆ ಏಳನೇ ದಿನ 17ನೇ ತಾರೀಕು ಮಂಗಳವಾರ. ಸರಿಯಾಗಿ ಅವತ್ತೇ ₹780 ಬಂತು. ಇವಳು ಖುಷಿ. ನಿಯಮದ ಲೆಕ್ಕ ಹಾಕಿ ನೋಡಿ: 6+5, ಅಂದ್ರೆ 11ಕ್ಕೆ ಗಡುವು ಮುಗೀತು. 12ರಿಂದ 17ರವರೆಗೆ ಆರು ದಿನ ತಡ, ₹600 ಪರಿಹಾರ ಬರಬೇಕಿತ್ತು. ಬಂದಿದ್ದು ಸೊನ್ನೆ. working ಅನ್ನೋ ಒಂದು ಪದದಲ್ಲಿ ಆರು ದಿನ ಮಾಯ.

ಅಷ್ಟು ಟೈಮ್ ಬೇಕಲ್ವಾ ಅಂತ ಕೆಲವರು ವಾದ ಮಾಡ್ತಾರೆ. ಬೇಕು, ಅದಕ್ಕೇ ಐದು ದಿನ ಕೊಟ್ಟಿರೋದು. ನಿಮ್ಮ ಬ್ಯಾಂಕ್ ದುಡ್ಡು ಕಳೆದುಕೊಳ್ಳುತ್ತೆ, ಸಂದೇಶ ಎನ್‌ಪಿಸಿಐ ಮೂಲಕ ವ್ಯಾಪಾರಿಯ ಬ್ಯಾಂಕಿಗೆ ಹೋಗುತ್ತೆ, ಅಲ್ಲಿಂದ ಉತ್ತರ ಬರೋದ್ರೊಳಗೆ ಟೈಮ್‌ಔಟ್ ಆಗುತ್ತೆ. ಆ ಕಡೆ ಜಮಾ ಆಯ್ತಾ ಇಲ್ವಾ ಅಂತ ತಕ್ಷಣ ಗೊತ್ತಾಗಲ್ಲ, ಎರಡೂ ಕಡೆ ಲೆಕ್ಕ ತಾಳೆ ನೋಡಬೇಕು. ಪಿಯುಸಿಯಲ್ಲಿ ಬಿಆರ್‌ಎಸ್ ಮಾಡಿ ಮಾಡಿ ಸುಸ್ತಾದ್ವಲ್ಲ, ಅದೇ ಜಾತಿ ಕೆಲಸ. ಆದ್ರೆ ಅವರಿಗೆ ಕಂಪ್ಯೂಟರ್ ಇದೆ ಸ್ವಾಮಿ, ನಮಗೆ ಪೆನ್ಸಿಲ್ ಮಾತ್ರ ಇತ್ತು.

ಒಂದು ವಿಷಯದಲ್ಲಿ ಹುಷಾರು. ಪೇಮೆಂಟ್ ಆಪಲ್ಲಿ Success ಅಂತಿದ್ದು ಆರ್ಡರ್ ಮಾತ್ರ ಇಲ್ಲ ಅಂದ್ರೆ ದುಡ್ಡು ವ್ಯಾಪಾರಿ ಕಡೆ ತಲುಪಿರಬಹುದು. ತಲುಪಿ ಜಮಾ ಆಗಿಬಿಟ್ಟಿದ್ರೆ ಅದು ಫೇಲ್ ಆದ ವಹಿವಾಟಲ್ಲ, ವ್ಯಾಪಾರಿ ರೀಫಂಡ್ ಮಾಡಬೇಕು, ಆಗ ದಿನಕ್ಕೆ ₹100 ಅಂತ ಬ್ಯಾಂಕ್ ಹತ್ರ ಜಗಳ ಆಡಿ ಪ್ರಯೋಜನ ಇಲ್ಲ. Failed ಅಥವಾ Pending ಇದ್ದು ಡೆಬಿಟ್ ಆಗಿದ್ರೆ ಬ್ಯಾಂಕಿಗೇ ಹೋಗಿ. ಬಸ್ ಆಪ್‌ನವರ ಚಾಟ್‌ನಲ್ಲಿ ಗೋಗರೆದು ಏನೂ ಆಗಲ್ಲ, ಆ ದುಡ್ಡು ಅವರ ಕೈಲಿಲ್ಲ.

ಎರಡಕ್ಕೂ ಬೇಕಾಗಿರೋದು ಒಂದೇ ನಂಬರ್. ಪೇಮೆಂಟ್ ಆಪಲ್ಲಿ ಆ ವಹಿವಾಟನ್ನ ತೆರೆದ್ರೆ UTR ಅಥವಾ UPI transaction ID ಅಂತ 12 ಅಂಕಿ ಇರುತ್ತೆ. ಆರ್ಡರ್ ನಂಬರ್ ಬೇರೆ, ಇದು ಬೇರೆ. ಬ್ಯಾಂಕ್ ಸ್ಟೇಟ್‌ಮೆಂಟಲ್ಲೂ ಇದನ್ನೇ ಹುಡುಕಿ. ವಾಪಸ್ ಬಂದ ದುಡ್ಡು ಹಲವು ಸಲ ಮೆಸೇಜ್ ಇಲ್ಲದೆ ಬಂದು ಕೂತಿರುತ್ತೆ. ಸ್ಕ್ರೀನ್‌ಶಾಟ್ ಅವತ್ತೇ ತೆಗೆದಿಡಿ. ಅದೇ ಪುಟದಲ್ಲಿರೋ ದೂರಿನ ಬಟನ್ ಒತ್ತಿ ದೂರಿನ ನಂಬರ್ ಬರೆದುಕೊಳ್ಳಿ. ಗೂಗಲಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ರೀಫಂಡ್ ಕೊಡ್ತೀನಿ ಪಿನ್ ಹಾಕಿ ಅಂದವನು ಕಳ್ಳ, ದುಡ್ಡು ಪಡೆಯೋಕೆ ಪಿನ್ ಬೇಕಾಗಿಲ್ಲ.

ಗಡುವು ದಾಟಿದ ಮೇಲೆ ಬ್ಯಾಂಕಿಗೆ ಲಿಖಿತ ದೂರು: UTR, ತಾರೀಕು, ಮೊತ್ತ, ಸುತ್ತೋಲೆಯ ತಾರೀಕು, ಎಷ್ಟು ದಿನ ತಡ, ಎಷ್ಟು ರೂಪಾಯಿ. 30 ದಿನದಲ್ಲಿ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ರೆ, `cms.rbi.org.in`ನಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ. ಫೀಸ್ ಇಲ್ಲ.

"₹600ಕ್ಕೆ ಇಷ್ಟೆಲ್ಲಾ ಯಾಕೆ" ಅಂತ ಕಮೆಂಟ್ ಹಾಕೋರಿಗೆ: ಮಿನಿಮಮ್ ಬ್ಯಾಲೆನ್ಸ್ ಕಡಿಮೆಯಾದ್ರೆ ಬ್ಯಾಂಕ್ ನಮ್ಮನ್ನ ಹೀಗೆ ಕೇಳಿ ಸುಮ್ಮನಾಗುತ್ತಾ? ಬೆಂಚ್‌ಮೇಟ್ ಮೊನ್ನೆ ಮೇಲ್ ಹಾಕಿದ್ದಾಳೆ. ಉತ್ತರ ಬಂದ್ರೆ ಭಾಗ 5ರಲ್ಲಿ ಹಾಕ್ತೀನಿ.