ಹನ್ನೆರಡು ಸ್ಲೈಡ್ ಯಾರಿಗೋಸ್ಕರ?

ಕಳೆದ ಸೆಮ್‌ನಲ್ಲಿ ಕ್ಲಬ್ಬಿನ ಇನ್‌ಸ್ಟಾಗ್ರಾಂ ಪೇಜಿಗೆ ನಾನೊಂದು ಕ್ಯಾರೊಸೆಲ್ ಮಾಡಿದ್ದೆ. ವಿಷಯ: ಕಾವೇರಿ ನೀರು ಜಯನಗರದ ನಲ್ಲಿಗೆ ಹೇಗೆ ಬರುತ್ತೆ. ಒಟ್ಟು 12 ಸ್ಲೈಡ್. ಬನಶಂಕರಿ ಪಿಜಿಯಲ್ಲಿ ನನ್ನ ರೂಮ್‌ಮೇಟ್ ನಾಲ್ಕನೇ ಸ್ಲೈಡಿಗೇ ಫೋನ್ ಕೆಳಗಿಟ್ಟ. "ಮಗಾ, ನೀರು ಇನ್ನೂ ಹೊರಟೇ ಇಲ್ವಲ್ಲೋ" ಅಂದ.

ನಿಜ. ಕವರ್ ಆದ್ಮೇಲೆ ನೀರಿನ ಮಹತ್ವ, ಕಾವೇರಿಯ ಇತಿಹಾಸ, ನಮ್ಮ ಕ್ಲಬ್ಬಿನ ಪರಿಚಯ ಅಂತ ಮೂರು ಸ್ಲೈಡ್ ಹಾಳು ಮಾಡಿದ್ದೆ.

2024ರಲ್ಲಿ ಇನ್‌ಸ್ಟಾಗ್ರಾಂ ಮಿತಿಯನ್ನು 10ರಿಂದ 20ಕ್ಕೆ ಏರಿಸಿತು. ಆದರೆ ಜಾಗ ಇದೆ ಅಂತ ತುಂಬಿಸಿದರೆ ಏನಾಗುತ್ತೆ, ಲೆಕ್ಕ ಹಾಕಿ ನೋಡಿ. 200 ಜನ ಶುರು ಮಾಡ್ತಾರೆ, ಪ್ರತಿ ಸ್ವೈಪಿಗೆ ಶೇ. 10ರಷ್ಟು ಜನ ಬಿಟ್ಟು ಹೋಗ್ತಾರೆ ಅಂದುಕೊಳ್ಳೋಣ. 6ನೇ ಸ್ಲೈಡಿಗೆ ಸುಮಾರು 118 ಜನ, 12ನೇದಕ್ಕೆ ಸುಮಾರು 63 ಜನ ಉಳೀತಾರೆ. ಅಂದರೆ ಮುಖ್ಯ ಉತ್ತರವನ್ನು ಕೊನೆಗಿಟ್ಟರೆ ಅರ್ಧದಷ್ಟು ಓದುಗರನ್ನು ನಾವೇ ಕಳಕೊಂಡ ಹಾಗೆ.

ಹಾಗಾಗಿ ನನ್ನ ಪ್ರಕಾರ ಸ್ಲೈಡ್ ಸಂಖ್ಯೆಯನ್ನು ಮೊದಲೇ ಫಿಕ್ಸ್ ಮಾಡಬಾರದು. ಒಂದು ಸ್ಲೈಡನ್ನು ಮುಚ್ಚಿ ಮುಂದಿನದನ್ನು ಓದಿ. ಅರ್ಥ ಆಗ್ತಿದ್ರೆ ಮುಚ್ಚಿದ್ದು ಬೇಕಿಲ್ಲ. ಹೀಗೆ ಮಾಡಿದಾಗ ನಂದು ಆರಕ್ಕೆ ಬಂತು. 1: ಸುಮಾರು 100 ಕಿ.ಮೀ. ದೂರ, 500 ಮೀಟರ್ ಕೆಳಗಿರೋ ನೀರು ಮೇಲೆ ಹೇಗೆ ಹತ್ತುತ್ತೆ? 2: ದಾರಿಯ ಮ್ಯಾಪ್. 3: ಒಂದೇ ಸಲ ಯಾಕೆ ಎತ್ತಲ್ಲ? 10 ಮೀಟರ್ ನೀರಿಗೆ ಹೆಚ್ಚುಕಡಿಮೆ 1 ಬಾರ್ ಒತ್ತಡ, 500 ಮೀಟರಿಗೆ 50 ಬಾರ್. 4: ಅದಕ್ಕೇ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಹಂತದ ಪಂಪಿಂಗ್. 5: ಸಾವಿರ ಲೀಟರ್ ಎತ್ತೋಕೆ, ನಷ್ಟ ಬಿಟ್ಟು, ಸುಮಾರು 1.4 ಯೂನಿಟ್ ಕರೆಂಟ್. 6: ನಿಮ್ಮ ಒಂದು ಬಕೆಟ್ ಸ್ನಾನದ ಲೆಕ್ಕ.

ಪ್ರತಿ ಸ್ಲೈಡೂ ಮುಂದಿನ ಪ್ರಶ್ನೆ ಹುಟ್ಟಿಸುತ್ತೆ. ಎರಡನೇದಕ್ಕೆ ಇನ್ನೊಂದು ಕೆಲಸವೂ ಇದೆ: ಮೊದಲ ಸಲ ಸ್ವೈಪ್ ಮಾಡದವರ ಫೀಡಿನಲ್ಲಿ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಅದನ್ನೇ ಮುಂದಿಟ್ಟು ತೋರಿಸುತ್ತೆ. ಅದು ಒಂಟಿಯಾಗಿಯೂ ಅರ್ಥ ಆಗಬೇಕು.

ಎಲ್ಲಿ ಬೋರ್ ಆಗ್ತಿದೆ ಅಂತ ತಿಳಿಯೋಕೆ ಅದೇ ಸ್ಲೈಡ್‌ಗಳನ್ನು ಸ್ಟೋರಿಗೆ ಹಾಕಿ, ಪ್ರತಿಯೊಂದರ ವ್ಯೂಸ್ ಬರೆದಿಟ್ಟುಕೊಳ್ಳಿ. ಸಂಖ್ಯೆ ನಿಧಾನಕ್ಕೆ ಇಳಿದರೆ ಸರಿ. ಒಂದು ಕಡೆ ದಿಢೀರ್ ಬಿದ್ದರೆ ಅದರ ಹಿಂದಿನ ಸ್ಲೈಡೇ ಕಳ್ಳ. ಸ್ಟೋರಿ ತಾನಾಗೇ ಮುಂದೆ ಹೋಗುತ್ತೆ, ಕ್ಯಾರೊಸೆಲ್‌ಗೆ ಬೆರಳು ಆಡಿಸಬೇಕು. ಹಾಗಾಗಿ ಸಂಖ್ಯೆಗಿಂತ ಬೀಳುವ ಜಾಗ ನೋಡಿ.

ಮುಂದಿನ ವಿಷಯಕ್ಕೆ ಒಂಬತ್ತು ಬೇಕಾದರೆ ಒಂಬತ್ತೇ ಮಾಡ್ತೀನಿ. ಆದರೆ ಎರಡನೇ ಸ್ಲೈಡಿಗೇ ನೀರು ಹೊರಟಿರುತ್ತೆ.