ಒಂದೇ ನೆನಪೋಲೆ ಸಾಕು

ಸರ್ಕಾರಿ ಕಚೇರಿಗಳಲ್ಲಿ ದುಡಿದವರಿಗೆ ‘ನೆನಪೋಲೆ’ ಎಂಬ ಪದದ ಪರಿಚಯ ಚೆನ್ನಾಗಿಯೇ ಇರುತ್ತದೆ. ಕೆಳಹಂತದ ಕಚೇರಿಯಿಂದ ವರದಿ ಬಾರದಿದ್ದರೆ ಮೊದಲನೆಯ ನೆನಪೋಲೆ ಹೊರಡುತ್ತದೆ. ಅದಕ್ಕೂ ಉತ್ತರವಿಲ್ಲದಿದ್ದರೆ ಎರಡನೆಯದು, ಮೂರನೆಯದು. ಕೊನೆಗೆ ಮೇಲಧಿಕಾರಿಯ ಸಹಿಯುಳ್ಳ ಅರೆ ಸರ್ಕಾರಿ ಪತ್ರ. ಒಂದೊಂದು ಪತ್ರದ ಧಾಟಿಯೂ ಹಿಂದಿನದಕ್ಕಿಂತ ಬಿರುಸು. ಉತ್ತರಿಸಬೇಕಾದವನಿಗೆ ಉತ್ತರಿಸುವುದು ಕರ್ತವ್ಯವಾದ್ದರಿಂದ ಈ ಕ್ರಮಕ್ಕೆ ಅರ್ಥವಿದೆ. ಆದರೆ ಉತ್ತರ ಕೊಡಬೇಕೆಂಬ ಯಾವ ಕಟ್ಟುಪಾಡೂ ಇಲ್ಲದ ವ್ಯಕ್ತಿಗೆ ನೆನಪೋಲೆ ಬರೆಯುವುದು ಹೇಗೆ? ಈ ಪ್ರಶ್ನೆ ನನಗೆ ಎದುರಾದದ್ದು ನಿವೃತ್ತಿಯ ನಂತರ, ಬೆಂಗಳೂರಿನಲ್ಲಿ ಶಾಲೆಗಳನ್ನು ನಡೆಸುವ ಒಂದು ಧರ್ಮದರ್ಶಿ ಸಂಸ್ಥೆಯ ಆಯ್ಕೆ ಸಮಿತಿಯಲ್ಲಿ ಕುಳಿತಾಗ.

ನೇಮಕಾತಿಯ ಕೆಲಸದಲ್ಲಿರುವವರಿಗೆಲ್ಲ ಈ ಅನುಭವ ಆಗಿರುತ್ತದೆ. ಯೋಗ್ಯರೆನಿಸಿದ ಒಬ್ಬರಿಗೆ ಹುದ್ದೆಯ ವಿಷಯ ತಿಳಿಸಲಾಗುತ್ತದೆ. ಅವರು ಅಂದೇ ಉತ್ಸಾಹದಿಂದ ಉತ್ತರಿಸುತ್ತಾರೆ, ಸ್ವವಿವರ ಕಳುಹಿಸುತ್ತಾರೆ, ಸಂಬಳ ವಿಚಾರಿಸುತ್ತಾರೆ. ಅನಂತರ ಇದ್ದಕ್ಕಿದ್ದಂತೆ ಮೌನ. ಈ ಮೌನವನ್ನು ಉದ್ಧಟತನವೆಂದು ತಿಳಿಯುವುದು ಸುಲಭ. ವಾಸ್ತವದಲ್ಲಿ ಅದರ ಹಿಂದೆ ಹಲವು ಕಾರಣಗಳಿರಬಹುದು. ಪತ್ರ ಬೇಡದ ಅಂಚೆಯ ರಾಶಿಯಲ್ಲಿ ಸೇರಿಹೋಗಿರಬಹುದು; ಈಗಿನ ಮಾಲೀಕರೇ ಸಂಬಳ ಹೆಚ್ಚಿಸಿರಬಹುದು; ಊರು ಬಿಡುವ ವಿಷಯದಲ್ಲಿ ಮನೆಯವರ ಒಪ್ಪಿಗೆ ಸಿಕ್ಕಿಲ್ಲದಿರಬಹುದು. ಇವೆಲ್ಲಕ್ಕಿಂತ ಹೆಚ್ಚಾಗಿ, ‘ಬೇಡ’ ಎಂದು ಹೇಳುವ ಸಂಕೋಚ. ನಮ್ಮಲ್ಲಿ ಎದುರಿಗೆ ‘ಇಲ್ಲ’ ಎನ್ನುವುದು ಒರಟುತನ. ‘ನೋಡೋಣ’ ಎನ್ನುತ್ತೇವೆ; ಕೇಳಿದವರು ಅರ್ಥ ಮಾಡಿಕೊಳ್ಳಬೇಕು. ಪತ್ರ ವ್ಯವಹಾರದಲ್ಲಿ ಆ ‘ನೋಡೋಣ’ವೇ ಮೌನದ ರೂಪ ತಾಳುತ್ತದೆ.

ಅರ್ಥಶಾಸ್ತ್ರಜ್ಞರಿಗೆ ಇದು ಹೊಸ ವಿಷಯವಲ್ಲ. ಉದ್ಯೋಗ ಮಾರುಕಟ್ಟೆಯಲ್ಲಿ ಮಾಹಿತಿಯನ್ನು ಹುಡುಕುವುದಕ್ಕೂ ವೆಚ್ಚವಿದೆ ಎಂಬುದನ್ನು ಜಾರ್ಜ್ ಸ್ಟಿಗ್ಲರ್ 1962ರಲ್ಲೇ ವಿವೇಚಿಸಿದ್ದರು. ಖಾಲಿ ಹುದ್ದೆಗಳೂ ನಿರುದ್ಯೋಗಿಗಳೂ ಒಂದೇ ಕಾಲಕ್ಕೆ ಏಕೆ ಇರುತ್ತಾರೆ ಎಂಬುದನ್ನು ಇಂತಹ ಹುಡುಕಾಟದ ತೊಡಕುಗಳ ಮೂಲಕ ವಿವರಿಸಿದ ಡೈಮಂಡ್, ಮಾರ್ಟೆನ್ಸನ್ ಮತ್ತು ಪಿಸ್ಸರಿಡೆಸ್ ಅವರಿಗೆ 2010ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಅಭ್ಯರ್ಥಿಯ ಮೌನವೂ ಅಂತಹದೊಂದು ತೊಡಕು. ಅದರ ಬೆಲೆಯನ್ನು ತೆರುವವರು ಸಂಸ್ಥೆ ಮತ್ತು ಆ ಅಭ್ಯರ್ಥಿ ಇಬ್ಬರೇ ಅಲ್ಲ. ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿರುವ, ಏನೊಂದೂ ತಿಳಿಯದೆ ಕಾಯುತ್ತಿರುವ ಮೂರನೆಯವರೊಬ್ಬರು ಇರುತ್ತಾರೆ.

ಅವರನ್ನು ಮರೆತದ್ದರ ಫಲವನ್ನು ನಾವೊಮ್ಮೆ ಉಂಡಿದ್ದೆವು. ಗ್ರಂಥಪಾಲಕರ ಹುದ್ದೆಗೆ ಮೊದಲ ಆಯ್ಕೆಯಾಗಿದ್ದವರು ಸುಮ್ಮನಾದಾಗ, ಒತ್ತಾಯ ಮಾಡುವುದು ಬೇಡವೆಂಬ ಸೌಜನ್ಯದಿಂದ ಮೂರು ವಾರ ಕಾದೆವು. ಅವರು ಬರಲಿಲ್ಲ. ಎರಡನೆಯವರನ್ನು ಕರೆಯುವ ಹೊತ್ತಿಗೆ ಅವರು ಬೇರೆ ಕಡೆ ಸೇರಿಯಾಗಿತ್ತು. ನಾವು ಸೌಜನ್ಯವೆಂದುಕೊಂಡದ್ದು ನಿಜವಾಗಿ ನಿರ್ಧಾರ ಮಾಡಲಾರದ ಅಂಜಿಕೆಯಾಗಿತ್ತು.

ಮರುವರ್ಷ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರ ಹುದ್ದೆ ತೆರವಾಯಿತು. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿದ್ದ ಮಹಿಳೆಯೊಬ್ಬರ ಅನುಭವ ನಮಗೆ ಹಿಡಿಸಿತು. ನಮ್ಮ ಯುವ ನೇಮಕಾತಿ ಅಧಿಕಾರಿ ಸೋಮವಾರ ಅವರಿಗೆ ಇ–ಮೇಲ್ ಬರೆದರು. ಅಂದು ಸಂಜೆಯೇ ಉತ್ತರ ಬಂತು: ಆಸಕ್ತಿ ಇದೆ, ಸ್ವವಿವರ ಲಗತ್ತಿಸಿದ್ದೇನೆ, ವಸತಿ ಸೌಲಭ್ಯ ಉಂಟೇ? ಬುಧವಾರ ನಾವು ಹುದ್ದೆಯ ವಿವರ, ಸಂಬಳದ ಮಿತಿ ಮತ್ತು ಸಂದರ್ಶನಕ್ಕೆ ಮೂರು ದಿನಾಂಕಗಳನ್ನು ಕಳುಹಿಸಿದೆವು. ಆಮೇಲೆ ಸದ್ದಿಲ್ಲ.

ಎರಡೇ ದಿನಕ್ಕೆ ಅಧಿಕಾರಿ ಚಡಪಡಿಸತೊಡಗಿದರು. ನಾನು ಅವರನ್ನು ತಡೆದೆ. ನಾವು ಕೇಳಿದ್ದು ಕೇವಲ ಒಂದು ಹೌದು–ಅಲ್ಲವನ್ನಲ್ಲ. ಊರು ಬದಲಾಯಿಸುವ ನಿರ್ಧಾರವನ್ನು. ಅದೂ ಅಲ್ಲದೆ ಅದು ತಿಂಗಳ ಕೊನೆ. ಲೆಕ್ಕ ಬರೆಯುವವರಿಗೆ ತಲೆಯೆತ್ತಲು ಬಿಡುವಿಲ್ಲದ ಕಾಲ. ಎಷ್ಟು ದಿನ ಕಾಯಬೇಕೆಂಬುದು ಕೇಳಿದ ಪ್ರಶ್ನೆಯ ತೂಕವನ್ನು ಅವಲಂಬಿಸಬೇಕೇ ಹೊರತು ಕೇಳಿದವರ ಆತುರವನ್ನಲ್ಲ. ಏಳು ಕೆಲಸದ ದಿನಗಳು ಕಳೆದ ಮೇಲೆ ಬರೆಯುವುದೆಂದು ತೀರ್ಮಾನಿಸಿದೆವು.

ಆ ದಿನ ಅಧಿಕಾರಿ ಸಿದ್ಧಪಡಿಸಿ ತಂದ ಕರಡು ಹೀಗಿತ್ತು: ‘ಹಲವು ಬಾರಿ ಪ್ರಯತ್ನಿಸಿದರೂ ತಮ್ಮಿಂದ ಉತ್ತರ ಬಂದಿಲ್ಲ. ಇಂದು ಸಂಜೆಯೊಳಗೆ ಖಚಿತಪಡಿಸದಿದ್ದಲ್ಲಿ ತಮ್ಮ ಉಮೇದುವಾರಿಕೆಯನ್ನು ರದ್ದುಪಡಿಸಲಾಗುವುದು.’ ಹಳೆಯ ಅಭ್ಯಾಸದಿಂದಲೋ ಏನೋ, ಮೊದಲ ಓದಿಗೆ ನನಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಮತ್ತೆ ಓದಿದಾಗ ಮೂರು ತಪ್ಪುಗಳು ಕಂಡವು. ‘ಹಲವು ಬಾರಿ’ ಎಂಬುದು ಸುಳ್ಳು. ‘ಇಂದು ಸಂಜೆ’ ಎಂಬ ಗಡುವಿಗೆ ಯಾವ ಆಧಾರವೂ ಇಲ್ಲ. ಮೂರನೆಯದಾಗಿ, ಆಕೆ ನಮಗೆ ಉಮೇದುವಾರಿಕೆಯನ್ನೇ ಸಲ್ಲಿಸಿರಲಿಲ್ಲ. ಅವರನ್ನು ಹುಡುಕಿಕೊಂಡು ಹೋದವರು ನಾವು.

ತಿದ್ದಿದ ಪತ್ರದ ಒಕ್ಕಣೆ ಇಷ್ಟು: ‘ನಮಸ್ಕಾರ. ಲೆಕ್ಕಪತ್ರ ವಿಭಾಗದ ಹುದ್ದೆಯ ಬಗ್ಗೆ ಕಳೆದ ವಾರ ವಿವರ ಕಳುಹಿಸಿದ್ದೆವು. ತಲುಪಿರದಿದ್ದರೆ ಎಂದು ಅದನ್ನು ಈ ಪತ್ರದ ಕೆಳಗೆ ಮತ್ತೆ ಇರಿಸಿದ್ದೇವೆ. ಯಾವುದಾದರೂ ಅಂಶ ನಿಮಗೆ ಹೊಂದದಿದ್ದರೆ ತಿಳಿಸಿ, ಮಾತನಾಡಬಹುದು. ಈಗ ಬೇಡವೆನಿಸಿದ್ದರೆ ಒಂದು ಸಾಲು ಬರೆದರೆ ಸಾಕು, ಕಾರಣ ಕೊಡಬೇಕಾಗಿಲ್ಲ. ಮುಂದಿನ ಮಂಗಳವಾರದಿಂದ ಇತರರ ಸಂದರ್ಶನ ಆರಂಭಿಸುತ್ತೇವೆ. ಅಷ್ಟರಲ್ಲಿ ತಿಳಿಯದಿದ್ದರೆ ನಿಮಗೆ ಅನುಕೂಲವಿಲ್ಲವೆಂದು ಭಾವಿಸುತ್ತೇವೆ. ಮತ್ತೆ ತೊಂದರೆ ಕೊಡುವುದಿಲ್ಲ.’

ಈ ಒಕ್ಕಣೆಯ ಒಂದೊಂದು ಸಾಲಿಗೂ ಒಂದು ಕೆಲಸವಿದೆ. ಪತ್ರ ತಲುಪಿರದಿರಬಹುದು ಎಂಬ ಮಾತು ಮೌನದ ದೋಷವನ್ನು ಅವರ ಮೇಲೆ ಹೊರಿಸುವುದಿಲ್ಲ. ಹೊಂದದ ಅಂಶವನ್ನು ತಿಳಿಸಿ ಎಂಬುದು ಅರ್ಧ ಮನಸ್ಸಿನವರಿಗೆ ದಾರಿ ತೋರುತ್ತದೆ. ಕಾರಣ ಬೇಡ ಎಂಬುದು ಸಂಕೋಚಪಡುವವರಿಗೆ ಬಾಗಿಲು ತೆರೆಯುತ್ತದೆ. ಮಂಗಳವಾರ ಎಂಬುದು ಬೆದರಿಕೆಯಲ್ಲ, ನಾವು ಏನು ಮಾಡಲಿದ್ದೇವೆ ಎಂಬ ಮಾಹಿತಿ. ನೆನಪೋಲೆಯ ಉದ್ದೇಶ ‘ಹೌದು’ ಎನಿಸುವುದಲ್ಲ. ‘ಇಲ್ಲ’ ಎನ್ನುವುದನ್ನು ಸುಲಭವಾಗಿಸುವುದು.

ಮರುದಿನವೇ ಉತ್ತರ ಬಂತು. ಆಕೆಯ ಕಾರ್ಖಾನೆಯಲ್ಲಿ ರಾಜೀನಾಮೆ ಕೊಟ್ಟವರು ಮೂರು ತಿಂಗಳು ದುಡಿದು ಹೋಗಬೇಕಿತ್ತು. ನಮ್ಮ ವಿವರದಲ್ಲಿ ಮೂವತ್ತು ದಿನಗಳಲ್ಲಿ ಸೇರಬೇಕೆಂದಿತ್ತು. ರಿಯಾಯಿತಿ ಕೇಳುವುದು ಸರಿಯಾದೀತೇ ಎಂಬ ಅಳುಕಿನಲ್ಲಿ ಉತ್ತರಿಸದೆ ಉಳಿದರಂತೆ. ಮೌನಕ್ಕೆ ಕಾರಣ ನಮ್ಮದೇ ಪತ್ರದ ಒಂದು ಸಾಲು! ಲೆಕ್ಕ ಪರಿಶೋಧನೆ ಹತ್ತಿರವಿದ್ದುದರಿಂದ ನಮಗೆ ಮೂರು ತಿಂಗಳು ಕಾಯಲಾಗಲಿಲ್ಲ. ಹಾಗೆಂದೇ ತಿಳಿಸಿ ವಂದಿಸಿದೆವು. ಅಂದು ಮಧ್ಯಾಹ್ನವೇ ಎರಡನೆಯವರಿಗೆ ಕರೆ ಹೋಯಿತು. ಅವರು ಇನ್ನೊಂದು ಸಂಸ್ಥೆಗೆ ಆ ವಾರದೊಳಗೆ ಉತ್ತರ ಕೊಡಬೇಕಿತ್ತು. ಸಕಾಲಕ್ಕೆ ತಿಳಿದದ್ದರಿಂದ ನಮ್ಮಲ್ಲಿಗೆ ಬಂದರು. ಮುಂದಿನ ಹುದ್ದೆಗಳ ವಿವರದಲ್ಲಿ ‘ಸೇರುವ ಅವಧಿಯನ್ನು ಚರ್ಚಿಸಬಹುದೇ, ಇಲ್ಲವೇ’ ಎಂಬುದನ್ನು ಸ್ಪಷ್ಟವಾಗಿ ಬರೆಯಲಾರಂಭಿಸಿದೆವು.

ಒಂದೇ ಏಕೆ, ಇನ್ನೊಂದು ಬರೆದರೆ ನಷ್ಟವೇನು ಎಂದು ಕೇಳಬಹುದು. ಬರೆಯುವವರಿಗೆ ನಷ್ಟವಿಲ್ಲ, ತೊಂದರೆ ಇರುವುದೇ ಅಲ್ಲಿ. ನೇಮಕಾತಿ ಏಜೆನ್ಸಿಗಳಿಗೆ ಸಾಮಾನ್ಯವಾಗಿ ಹಣ ಸಿಗುವುದು ಅಭ್ಯರ್ಥಿ ಕೆಲಸಕ್ಕೆ ಸೇರಿದಾಗ. ಒಂದು ಇ–ಮೇಲಿಗೆ ತಗಲುವ ವೆಚ್ಚವಾದರೋ ಬಹುತೇಕ ಸೊನ್ನೆ. ನೆನಪೋಲೆಗಳ ಸರಣಿಯನ್ನು ತಾನಾಗಿಯೇ ಕಳುಹಿಸುವ ತಂತ್ರಾಂಶಗಳೂ ಇವೆ. ಹೀಗಾಗಿ ಬರೆದವರಿಗೆ ಬಿಟ್ಟಿಯಾದ ಪತ್ರದ ಭಾರವನ್ನು ಓದುವವರು ಹೊರಬೇಕು. ಬಾಹ್ಯ ಪರಿಣಾಮ ಎಂದು ಅರ್ಥಶಾಸ್ತ್ರ ಕರೆಯುವುದು ಇದನ್ನೇ. ಇದಲ್ಲದೆ, ಮೊದಲ ನೆನಪೋಲೆ ಹೊಸ ಮಾಹಿತಿಯನ್ನು ಕೊಡುತ್ತದೆ: ಬಾಗಿಲು ತೆರೆದಿದೆ, ಇಂತಹ ದಿನದವರೆಗೆ ತೆರೆದಿರುತ್ತದೆ. ಎರಡನೆಯದರಲ್ಲಿ ಹೇಳಲು ಹೊಸದೇನೂ ಇರುವುದಿಲ್ಲ, ಒತ್ತಡವೊಂದನ್ನು ಬಿಟ್ಟು. ‘ಮತ್ತೆ ತೊಂದರೆ ಕೊಡುವುದಿಲ್ಲ’ ಎಂದು ಬರೆದು ಮತ್ತೆ ಬರೆದರೆ ಸಂಸ್ಥೆಯ ಮಾತಿಗೆ ಬೆಲೆ ಎಲ್ಲಿಯದು?

ಮಾರ್ಗದ ವಿಷಯದಲ್ಲೂ ಎಚ್ಚರ ಬೇಕು. ಅಭ್ಯರ್ಥಿ ಯಾವ ಮಾರ್ಗದಲ್ಲಿ ಉತ್ತರಿಸಿದ್ದರೋ ಅದರಲ್ಲೇ ನೆನಪಿಸಬೇಕು. ಇ–ಮೇಲ್ ಬರೆದವರ ವಾಟ್ಸ್‌ಆ್ಯಪ್‌ಗೆ ನುಗ್ಗಿ, ನೀಲಿ ಗುರುತು ಬಿದ್ದಿದೆಯೇ ಎಂದು ನೋಡುತ್ತ ಕೂರುವುದು ಸಭ್ಯತೆಯಲ್ಲ. ಈಗಿನ ಕಚೇರಿಯ ದೂರವಾಣಿಗೆ ಕರೆ ಮಾಡುವುದು, ಸಹೋದ್ಯೋಗಿಗಳ ಮೂಲಕ ವಿಚಾರಿಸುವುದು ಇನ್ನೂ ಅಪಾಯಕಾರಿ. ಬೇರೆ ಕೆಲಸ ನೋಡುತ್ತಿದ್ದಾರೆಂಬ ಸುದ್ದಿ ಹಬ್ಬಿದರೆ ಇರುವ ಕೆಲಸಕ್ಕೇ ಕುತ್ತು ಬಂದೀತು.

ಈ ಕ್ರಮಕ್ಕೆ ಮಿತಿಗಳಿವೆ. ಸಾರ್ವಜನಿಕ ನೇಮಕಾತಿಯಲ್ಲಿ ಒಬ್ಬರಿಗೆ ಮಾತ್ರ ನೆನಪಿಸುವುದು ಇತರರಿಗೆ ಮಾಡಿದ ಅನ್ಯಾಯವಾಗುತ್ತದೆ. ಅಲ್ಲಿ ಎಲ್ಲರಿಗೂ ಒಂದೇ ನೋಟಿಸು, ಒಂದೇ ಗಡುವು ಇರತಕ್ಕದ್ದು. ನೇಮಕಾತಿ ಪತ್ರವನ್ನು ಒಪ್ಪಿಕೊಂಡು, ಸೇರುವ ದಿನ ಕಾಣಿಸಿಕೊಳ್ಳದವರ ವಿಷಯವೂ ಬೇರೆ. ಅವರು ಮಾತು ಕೊಟ್ಟವರು. ಅವರಿಗೆ ನೇರವಾಗಿ ಕರೆ ಮಾಡಿ ಕೇಳುವುದು ನ್ಯಾಯವೇ. ಆಸಕ್ತಿ ತೋರಿದ್ದು ಮಾತು ಕೊಟ್ಟಂತಲ್ಲ. ಅಂಗಡಿಯಲ್ಲಿ ಸೀರೆಯ ಬೆಲೆ ಕೇಳಿದವರನ್ನು ಬೀದಿಯ ತನಕ ಅಟ್ಟಿಸಿಕೊಂಡು ಹೋಗುವ ವ್ಯಾಪಾರಿ ಉಂಟೇ?

ಕೊನೆಯದಾಗಿ, ನಮ್ಮ ಕಡೆಯ ಲೆಕ್ಕವನ್ನೂ ನೋಡಬೇಕು. ಸಂದರ್ಶನಕ್ಕೆ ಬಂದುಹೋದವರಿಗೆ ‘ತಿಳಿಸುತ್ತೇವೆ’ ಎಂದು ಹೇಳಿ ಎಂದೂ ತಿಳಿಸದ ಸಂಸ್ಥೆಗಳು ಎಷ್ಟಿಲ್ಲ? ನಮ್ಮ ಸಂಸ್ಥೆಯ ಹಳೆಯ ಕಡತಗಳನ್ನು ತೆಗೆದು ನೋಡಿದಾಗ ಅಂತಹವರ ಹೆಸರುಗಳು ನನಗೂ ಕಂಡವು. ಅವರಲ್ಲಿ ಕೆಲವರು ವಿನಯದಿಂದ ಒಂದು ಪತ್ರ ಬರೆದು ವಿಚಾರಿಸಿದ್ದರು. ಆ ಪತ್ರಗಳ ಕೆಳಗೆ ಉತ್ತರದ ಪ್ರತಿ ಇರಲಿಲ್ಲ. ಇತ್ತೀಚೆಗೆ ಸಮಿತಿಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ: ಅಭ್ಯರ್ಥಿಗೆ ನಮ್ಮಿಂದ ಒಂದೇ ನೆನಪೋಲೆ, ಅಭ್ಯರ್ಥಿಯಿಂದ ನಮಗೆ ಬಂದ ಮೊದಲ ನೆನಪೋಲೆಗೆ ಮೂರು ದಿನಗಳೊಳಗೆ ಉತ್ತರ. ಮೊದಲನೆಯದನ್ನು ಪಾಲಿಸುವುದು ಸುಲಭವಾಗಿದೆ. ಎರಡನೆಯದರಲ್ಲಿ ಇನ್ನೂ ಎಡವುತ್ತಿದ್ದೇವೆ.